ಮೊದಲು ಕೇಳಬೇಕಾದ್ದು ಬಜೆಟ್ ಅಲ್ಲ

"ಪರಿಚಯದವರು ಒಂದು ಟ್ರಿಪ್ ಪ್ಲಾನ್ ಮಾಡಿಕೊಡಿ ಅಂದಿದ್ದಾರೆ. ಯಾವಾಗ, ಎಷ್ಟು ಜನ, ಎಷ್ಟು ದುಡ್ಡು, ಏನಿಷ್ಟ ಏನೂ ಹೇಳಿಲ್ಲ. ಮೊದಲು ಏನು ಕೇಳಲಿ?"

ಮೊದಲು ದಿನಾಂಕ ಕೇಳಿ, ಜೊತೆಗೇ ಯಾರು ಯಾರು ಬರುತ್ತಾರೆ ಅಂತ. ಮೊದಲ ಮೆಸೇಜಿನಲ್ಲಿ ಈ ಎರಡೇ ಸಾಕು. ನಾನು ಒಮ್ಮೆ ಹತ್ತು ಪ್ರಶ್ನೆ ಒಟ್ಟಿಗೆ ಕಳಿಸಿದ್ದೆ, ಮೂರು ದಿನ ಬಿಟ್ಟು "ನೀವೇ ಏನಾದ್ರೂ ನೋಡಿ" ಅಂತ ಉತ್ತರ ಬಂತು.

ದಿನಾಂಕ ಯಾಕೆ ಮೊದಲು ಅಂದರೆ, ಮಳೆ, ಬಿಸಿಲು, ರಜೆಯ ನೂಕುನುಗ್ಗಲು, ಟಿಕೆಟ್ ದರ ಎಲ್ಲ ಅದರ ಮೇಲೇ ನಿಂತಿರುತ್ತದೆ. ಆದರೆ "ಎಷ್ಟು ದಿನ?" ಅಂತ ಕೇಳಬೇಡಿ. ಮನೆಯಿಂದ ಯಾವಾಗ ಹೊರಡಬಹುದು, ಯಾವಾಗ ವಾಪಸ್ ಇರಲೇಬೇಕು, ಹಿಂದೆ ಮುಂದೆ ಮಾಡಬಹುದಾ ಅಂತ ಕೇಳಿ. ನನ್ನ ಹತ್ತಿರ ಒಬ್ಬರು ಐದು ದಿನ ಅಂದಿದ್ದರು. ಬಿಡಿಸಿ ಕೇಳಿದರೆ ಬುಧವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಮನೆಯಲ್ಲಿರಬೇಕು. ಹೋಗಲು ಅರ್ಧ ದಿನ, ಬರಲು ಇಡೀ ಭಾನುವಾರ. ಉಳಿದದ್ದು ಮೂರೇ ದಿನ! ಅವರ ಮನಸ್ಸಿನಲ್ಲಿದ್ದ ಮೂರು ಊರುಗಳಲ್ಲಿ ಎರಡನ್ನು ಅಲ್ಲೇ ಕೈಬಿಟ್ಟೆವು.

ಜನರ ವಿಷಯದಲ್ಲೂ ಬರೀ ಸಂಖ್ಯೆ ಸಾಲದು. ಅವರು ಐದು ಜನ ಅಂದರು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು, ಅತ್ತೆ, ಮೈದುನ. ಅತ್ತೆ ಮತ್ತು ಮೈದುನ ಒಂದೇ ರೂಮಿನಲ್ಲಿ ಇರುತ್ತಾರಾ ಅಂತ ಕೇಳಿದ್ದಕ್ಕೆ ಇಲ್ಲ ಅಂದರು, ಹಾಗಾಗಿ ಎರಡರ ಬದಲು ಮೂರು ರೂಮ್. ಡ್ರೈವರ್ ಸೇರಿ ಆರು ಜನ ಆದ್ದರಿಂದ ಸಣ್ಣ ಕಾರೂ ಆಗಲ್ಲ. ಅತ್ತೆಗೆ ಮಂಡಿನೋವು ಅಂತ ಗೊತ್ತಾದ ಮೇಲೆ ಮೆಟ್ಟಿಲು ಹತ್ತುವ ಜಾಗಗಳೂ ಹೋದವು.

ಇಷ್ಟಾದ ಮೇಲೆ ಬಜೆಟ್. ಮೊದಲೇ ಕೇಳಿದರೆ ಬಹಳ ಜನ "ಮೀಡಿಯಂ ಆಗಿರಲಿ" ಅಂತಾರೆ, ಅದರಿಂದ ಏನೂ ಗೊತ್ತಾಗಲ್ಲ. ಈಗ ನಿಮ್ಮ ಕೈಯಲ್ಲಿ ರಾತ್ರಿಗಳ ಲೆಕ್ಕ, ರೂಮುಗಳ ಲೆಕ್ಕ ಇದೆ, ಗಾಡಿಯೂ ಗೊತ್ತು. ಸಾದಾ ಒಂದು, ಸ್ವಲ್ಪ ಆರಾಮದ್ದು ಒಂದು, ಹೀಗೆ ಎರಡು ಅಂದಾಜು ಹಾಕಿ ಯಾವುದು ಹತ್ತಿರ ಅಂತ ಕೇಳಿ. ಹೋಗಿಬರುವ ಟಿಕೆಟ್ ಸೇರಿದೆಯೋ ಇಲ್ಲವೋ ಬರೆದುಬಿಡಿ, ಜಗಳ ಆಗುವುದೇ ಅಲ್ಲಿ. ಹಾಂ, ಅವರೇ ಶುರುವಿನಲ್ಲೇ "ಇಷ್ಟರ ಮೇಲೆ ಒಂದು ಪೈಸೆ ಇಲ್ಲ" ಅಂದರೆ ಈ ಕ್ರಮ ತಿರುಗಿಸಿ. ಮೊದಲು ಹೋಗಿಬರುವ ಖರ್ಚು ಕಳೆಯಿರಿ, ಉಳಿದದ್ದರಲ್ಲಿ ಎಷ್ಟು ರಾತ್ರಿ ಸಿಗುತ್ತದೆ ನೋಡಿ.

ಆಸಕ್ತಿ ಕೊನೆಗೆ. "ಏನಿಷ್ಟ?" ಅಂದರೆ ಎಲ್ಲರೂ ಬೆಟ್ಟ, ಸಮುದ್ರ, ಹಳೆ ಕಟ್ಟಡ ಎಲ್ಲಾ ಇಷ್ಟ ಅಂತಾರೆ. ಹಿಂದಿನ ಟ್ರಿಪ್‌ನಲ್ಲಿ ಯಾವ ದಿನ ಬೇಜಾರಾಯಿತು ಅಂತ ಕೇಳಿ ನೋಡಿ. ನಾನು ಹೇಳಿದ ಆ ಮನೆಯವರು "ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಬ್ಯಾಗ್ ತುಂಬಿಸಿ ಸಾಕಾಗಿತ್ತು" ಅಂದರು. ಮೂರೂ ದಿನ ಒಂದೇ ಊರಲ್ಲಿ ಉಳಿಸಿದೆ.