ಮರುಪರಿಶೀಲನೆ ಕೋರುವ ಇಮೇಲ್: ಏನು ಬರೆಯಬೇಕು, ಏನು ಬಿಡಬೇಕು

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದಿ, ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಎರಡೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಂಪನಿಯೊಂದರ ಅಕೌಂಟ್ಸ್ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ‘ಜಿಎಸ್‌ಟಿ ರಿಟರ್ನ್ ಕೆಲಸದ ಅನುಭವ ಸಾಲದು’ ಎಂದು ನಿನ್ನೆ ಇಮೇಲ್ ಬಂತು. ನಮ್ಮ ಕಚೇರಿಯಲ್ಲಿ ಆ ಕೆಲಸ ಮಾಡುವವಳು ನಾನೇ. ಆದರೆ ಬಯೋಡೇಟಾದಲ್ಲಿ ‘ಕಚೇರಿ ಸಹಾಯಕಿ’ ಎಂದಷ್ಟೇ ಬರೆದಿದ್ದೆ. ಸಂದರ್ಶನದಲ್ಲಿ ಕೇಳಿದಾಗ ಸಂಕೋಚದಿಂದ ‘ಸರ್ ಮಾಡ್ತಾರೆ, ನಾನು ಜೊತೆಗಿರ್ತೀನಿ’ ಅಂದುಬಿಟ್ಟೆ. ಮತ್ತೊಮ್ಮೆ ಪರಿಶೀಲಿಸಿ ಎಂದು ಬರೆಯಬಹುದೇ? ಅಂಗಲಾಚಿದಂತಾಗುತ್ತದೆ ಎನ್ನುತ್ತಾರೆ ಅಪ್ಪ.
— ಹೆಸರು ಬೇಡ, ದಾವಣಗೆರೆ

ಉತ್ತರ: ಬರೆಯಿರಿ, ನಾಳೆಯೊಳಗೆ ಬರೆಯಿರಿ. ಆಯ್ಕೆಯಾದವರು ಒಪ್ಪಿಗೆ ಕೊಟ್ಟ ಮೇಲೆ ಯಾವ ಮ್ಯಾನೇಜರ್‌ಗೂ ತೀರ್ಮಾನ ಬದಲಿಸುವುದು ಕಷ್ಟ. ನಿಮ್ಮ ತಂದೆಯವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ತೀರ್ಮಾನ ಕೈಗೊಂಡವರ ಮುಂದೆ ಇಲ್ಲದಿದ್ದ ಒಂದು ಸಂಗತಿಯನ್ನು ತಿಳಿಸುವುದು ಅಂಗಲಾಚುವುದಾಗುವುದಿಲ್ಲ. ಅಂಥ ಸಂಗತಿ ಇಲ್ಲದೆ, ಅಂದು ಗಾಬರಿಯಾಗಿತ್ತು, ಮನೆಯಲ್ಲಿ ಕಷ್ಟವಿದೆ ಎಂದಷ್ಟೇ ಹೇಳುವುದಿದ್ದರೆ ಬೇಡವೆನ್ನುತ್ತಿದ್ದೆ.

ಬರೆಯುವ ಮುನ್ನ ಒಂದು ಮಾತನ್ನು ನಿಮ್ಮೊಳಗೇ ಇತ್ಯರ್ಥ ಮಾಡಿಕೊಳ್ಳಿ. ರಿಟರ್ನ್ ಸಲ್ಲಿಕೆಯ ಕೊನೆಯ ಹಂತದಲ್ಲಿ ಒಟಿಪಿ ಹೋಗುವುದು ವ್ಯಾಪಾರದ ಅಧಿಕೃತ ಸಹಿದಾರರ ಮೊಬೈಲಿಗೆ. ಕಂಪನಿಗಳಾದರೆ ಡಿಜಿಟಲ್ ಸಹಿ ಬೇಕು. ಹಾಗಾಗಿ ‘ನಾನೇ ಸಲ್ಲಿಸುತ್ತೇನೆ’ ಎಂದು ಬರೆದರೆ ಬಲ್ಲವರು ಅಲ್ಲೇ ಹಿಡಿಯುತ್ತಾರೆ. ‘ಸಿದ್ಧಪಡಿಸುತ್ತೇನೆ’ ಎಂಬುದೇ ಸರಿಯಾದ ಪದ, ಅಷ್ಟೇ ತೂಕದ್ದು ಕೂಡ. ಸಂಕೋಚದಿಂದ ಒಮ್ಮೆ ಕಡಿಮೆ ಹೇಳಿದ್ದೀರಿ; ಈಗ ಅದನ್ನು ತುಂಬಿಸಲು ಹೋಗಿ ಹೆಚ್ಚು ಹೇಳಬೇಡಿ.

ಹೊಸ ಇಮೇಲ್ ತೆರೆಯದೆ, ಬಂದಿರುವ ಇಮೇಲ್‌ಗೇ ಉತ್ತರವಾಗಿ ಬರೆಯಿರಿ. ಹಿಂದಿನದೆಲ್ಲ ಕೆಳಗೇ ಇರುತ್ತದೆ, ನೀವು ಯಾರೆಂದು ಹುಡುಕುವ ಶ್ರಮ ಅವರಿಗಿರುವುದಿಲ್ಲ. ನಿಮ್ಮನ್ನು ಪ್ರಶ್ನಿಸಿದ ಅಕೌಂಟ್ಸ್ ಮ್ಯಾನೇಜರ್ ಅವರಿಗೆ ಕಳಿಸಿ, ಎಚ್‌ಆರ್ ವಿಭಾಗಕ್ಕೆ ಪ್ರತಿ ಹಾಕಿ. ಅವರ ಮೇಲಧಿಕಾರಿಗೆ ಮಾತ್ರ ಪ್ರತಿ ಬೇಡ, ಅದು ದೂರಿನಂತೆ ಕಾಣುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಕಳಿಸುವುದಾದರೆ ಇದನ್ನೇ ಇಂಗ್ಲಿಷಿಗೆ ತಂದುಕೊಳ್ಳಿ.

> ವಿಷಯ: ಅಕೌಂಟ್ಸ್ ಸಹಾಯಕಿ ಹುದ್ದೆ – ಜಿಎಸ್‌ಟಿ ಅನುಭವದ ಕುರಿತು ಸ್ಪಷ್ಟೀಕರಣ
>
> ಮಾನ್ಯರೇ,
>
> ಸಂದರ್ಶನಕ್ಕೆ ಸಮಯ ಕೊಟ್ಟಿದ್ದಕ್ಕೂ, ಆಯ್ಕೆಯಾಗದಿರುವ ಕಾರಣವನ್ನು ತಿಳಿಸಿದ್ದಕ್ಕೂ ಧನ್ಯವಾದಗಳು.
>
> ನನ್ನ ಜಿಎಸ್‌ಟಿ ಅನುಭವವನ್ನು ಬಯೋಡೇಟಾದಲ್ಲಾಗಲಿ ಸಂದರ್ಶನದಲ್ಲಾಗಲಿ ನಾನು ಸರಿಯಾಗಿ ವಿವರಿಸಿರಲಿಲ್ಲ. ಈಗಿನ ಕಚೇರಿಯಲ್ಲಿ ಪ್ರತಿ ತಿಂಗಳು [ಸಂಖ್ಯೆ] ವ್ಯಾಪಾರಸ್ಥರ ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್‌ಗಳನ್ನು ಸಿದ್ಧಪಡಿಸುತ್ತೇನೆ. ಖರೀದಿ ಪುಸ್ತಕವನ್ನು 2ಬಿಯೊಂದಿಗೆ ತಾಳೆ ನೋಡಿ, ಹೊಂದದ ಬಿಲ್ಲುಗಳ ಪಟ್ಟಿ ಮಾಡಿ, ಸರಬರಾಜುದಾರರನ್ನು ವಿಚಾರಿಸುತ್ತೇನೆ. ಅಂತಿಮ ಪರಿಶೀಲನೆ ನಮ್ಮ ಸಲಹೆಗಾರರದ್ದು.
>
> ತಿದ್ದಿದ ಬಯೋಡೇಟಾ ಮತ್ತು ಅನುಭವ ಪತ್ರವನ್ನು ಲಗತ್ತಿಸಿದ್ದೇನೆ. ಹುದ್ದೆ ಇನ್ನೂ ತುಂಬಿರದಿದ್ದರೆ, ಈ ಮಾಹಿತಿಯೊಂದಿಗೆ ನನ್ನ ಅರ್ಜಿಯನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ನೀವು ಹೇಳಿದ ದಿನ ಬಂದು, ನೀವು ಕೊಡುವ ಮಾದರಿ ಲೆಕ್ಕವನ್ನು ತಾಳೆ ಮಾಡಿ ತೋರಿಸಲು ಸಿದ್ಧಳಿದ್ದೇನೆ.
>
> ತಮ್ಮ ವಿಶ್ವಾಸಿ,

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ‘ಹೊಂದದ ಬಿಲ್ಲುಗಳು’ ಎಂಬ ಮಾತು. 1 ಮತ್ತು 3ಬಿ ಎಂಬ ಹೆಸರುಗಳನ್ನು ಯಾರೂ ಹೇಳಬಲ್ಲರು; ಸರಬರಾಜುದಾರ ತನ್ನ ರಿಟರ್ನ್‌ನಲ್ಲಿ ಬಿಲ್ಲನ್ನು ತೋರಿಸದಿದ್ದರೆ ಅದು ಜಿಎಸ್‌ಟಿ ಪೋರ್ಟಲ್ ಖರೀದಿದಾರನಿಗೆ ಸಿದ್ಧಪಡಿಸುವ ಬಿಲ್ಲುಗಳ ಪಟ್ಟಿಯಾದ 2ಬಿಯಲ್ಲಿ ಬರುವುದಿಲ್ಲ, ಅವನಿಗೆ ಆ ತೆರಿಗೆಯ ಜಮೆ ನಿಂತುಹೋಗುತ್ತದೆ ಎಂಬುದನ್ನು ಬಲ್ಲವಳು, ಮಾಸಿಕ ರಿಟರ್ನ್‌ಗಳಲ್ಲಿ 14ನೇ ತಾರೀಖು 2ಬಿ ಬಂದ ಮೇಲೆ 20ರೊಳಗೆ 3ಬಿ ಮುಗಿಸಲು ಪಟ್ಟ ಪಾಡಿನಿಂದಲೇ ಅದನ್ನು ಕಲಿತಿರುತ್ತಾಳೆ. ಅಕೌಂಟ್ಸ್ ಮ್ಯಾನೇಜರ್‌ಗೆ ಆ ಒಂದೇ ಸಾಲು ಸಾಕು.

ಪುರಾವೆಗೆಂದು ಗ್ರಾಹಕರ ರಿಟರ್ನ್ ಪ್ರತಿಗಳನ್ನು ಖಂಡಿತ ಲಗತ್ತಿಸಬೇಡಿ. ಅವು ನಿಮ್ಮ ಸ್ವತ್ತಲ್ಲ, ಮತ್ತು ಒಂದು ಕಡೆಯ ಲೆಕ್ಕವನ್ನು ಹೊರಗೆ ತೋರಿಸಿದವರಿಗೆ ತಮ್ಮ ಲೆಕ್ಕವನ್ನು ಒಪ್ಪಿಸಲು ಯಾರೂ ಹಿಂಜರಿಯುತ್ತಾರೆ. ಈಗಿನ ಸಲಹೆಗಾರರಿಗೆ ನೀವು ಬೇರೆ ಕಡೆ ನೋಡುತ್ತಿರುವುದು ಗೊತ್ತಿಲ್ಲದಿದ್ದರೆ, ಅನುಭವ ಪತ್ರದ ಮಾತನ್ನೂ ತೆಗೆದು, ಮಾದರಿ ಲೆಕ್ಕದ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಿ.

ಹುದ್ದೆ ತುಂಬಿದೆ ಎಂದು ಉತ್ತರ ಬಂದರೆ, ಮುಂದಿನ ಬಾರಿ ಖಾಲಿಯಾದಾಗ ತಿದ್ದಿದ ಬಯೋಡೇಟಾವನ್ನು ಪರಿಗಣಿಸುವಂತೆ ಎರಡು ಸಾಲು ಬರೆದು ನಿಲ್ಲಿಸಿ. ಒಂದು ವಾರ ಉತ್ತರವೇ ಬಾರದಿದ್ದರೆ ಅದನ್ನೂ ಉತ್ತರವೆಂದೇ ತಿಳಿಯಿರಿ. ಫೋನ್ ಮಾಡಬೇಡಿ, ಎರಡನೆಯ ಇಮೇಲ್ ಕಳಿಸಬೇಡಿ. ಬೇರೆ ಕಡೆಗಳಿಗೆ ಕಳಿಸುವ ಬಯೋಡೇಟಾದಲ್ಲಿ ಮಾತ್ರ ‘ಕಚೇರಿ ಸಹಾಯಕಿ’ ಎಂಬುದರ ಕೆಳಗೆ ಈ ಕೆಲಸಗಳನ್ನು ಇಂದೇ ಸೇರಿಸಿ.