ಹಂದಿ ಮಾಂಸ ಒಳಗಿನವರೆಗೂ ಬೇಯಬೇಕು ಯಾಕೆ?

ಪ್ರಶ್ನೆ: ಮಂಜೇಶ್ವರದ ನಮ್ಮ ಮನೆಯಲ್ಲಿ ಹಬ್ಬಕ್ಕೆ ಹಂದಿ ಮಾಂಸ ಮಾಡ್ತೇವೆ. ಅದನ್ನು ಅಷ್ಟು ಹೊತ್ತು ಬೇಯಿಸೋದು ಯಾಕೆ? ಗೂಡಲ್ಲಿ ಸಾಕಿದ ಹಂದಿಗೂ ಅದು ಬೇಕಾ?

ಉತ್ತರ: ಬೇಕು. ಮಾಂಸದೊಳಗೆ ಲಾಡಿಹುಳುವಿನ ಮರಿಗಳು ಇರಬಹುದು. ಒಳಭಾಗ ಚೆನ್ನಾಗಿ ಬಿಸಿಯಾದರೆ ಮಾತ್ರ ಅವು ಸಾಯುತ್ತವೆ. ದಪ್ಪ ತುಂಡಿನ ನಡುವೆ 71 ಡಿಗ್ರಿ ಸೆಲ್ಸಿಯಸ್ ಬಂದರೆ ಭಯವಿಲ್ಲ. ಹೊರಗೆ ಕಂದು ಬಣ್ಣ ಬಂದರೆ ಸಾಲದು. ಬಾಫತ್‌ಗೆ ತುಂಡು ಚಿಕ್ಕದಾಗಿಸಿ, ಮುಚ್ಚಿ, ಮೆತ್ತಗಾಗುವವರೆಗೆ ಬೇಯಿಸುವುದು ಒಳ್ಳೆಯದೇ.

ಹುಳು ಹಂದಿಗೆ ಬರುವುದು ಮನುಷ್ಯರಿಂದ. ಕರುಳಲ್ಲಿ ಲಾಡಿಹುಳು ಇರುವವರು ಬಯಲಿಗೆ ಹೋದರೆ, ಮಲದಲ್ಲಿರುವ ಮೊಟ್ಟೆಗಳನ್ನು ಬಿಟ್ಟಾಡುವ ಹಂದಿ ತಿನ್ನುತ್ತದೆ. ಮರಿಗಳು ಅದರ ಸ್ನಾಯುಗಳಲ್ಲಿ ಗುಳ್ಳೆಯಾಗಿ ಕೂರುತ್ತವೆ. ಆ ಮಾಂಸ ಹಸಿಯಾಗಿ ಉಳಿದರೆ, ತಿಂದವರ ಕರುಳಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಮಿದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ಬರುವುದು ಮಾಂಸದಿಂದ ಅಲ್ಲ. ಕೊಳಕು ಕೈ, ನೀರು, ಹಸಿ ತರಕಾರಿಯ ಮೂಲಕ ಮೊಟ್ಟೆ ಹೊಟ್ಟೆಗೆ ಹೋದಾಗ ಅದು ಆಗುತ್ತದೆ. ಟ್ರೈಕಿನೆಲ್ಲಾ ಎಂಬ ಸಣ್ಣ ಹುಳುವೂ ಹಂದಿ ಮಾಂಸದಲ್ಲಿ ಇರಬಹುದು, ನಮ್ಮಲ್ಲಿ ಅಪರೂಪ.

ಗೂಡಲ್ಲೇ ಸಾಕಿ, ಶೌಚದ ಕೊಳೆ ತಾಗದಂತೆ ನೋಡಿಕೊಂಡ ಹಂದಿಯಲ್ಲಿ ಅಪಾಯ ತುಂಬಾ ಕಡಿಮೆ. ಕಡಿದ ಮೇಲೆ ನಾಲಿಗೆ, ಹೃದಯ, ದವಡೆಯ ಸ್ನಾಯು ಸೀಳಿ ನೋಡಬೇಕು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ನೀರು ತುಂಬಿದ, ಒಳಗೆ ಬಿಳಿ ಚುಕ್ಕೆ ಇರುವ ಗುಳ್ಳೆ ಕಂಡರೆ ಆ ಮಾಂಸ ಬೇಡ. ಗುಳ್ಳೆ ಕಡಿಮೆ ಇದ್ದರೆ ಕಣ್ಣಿಗೆ ತಪ್ಪಬಹುದು, ಹಾಗಾಗಿ ನೋಡಿ ತಂದದ್ದನ್ನೂ ಪೂರ್ತಿ ಬೇಯಿಸಿ.