ತಿರುಗಿದ ಕೋನ ಸದಿಶವಲ್ಲ, ತಿರುಗುವ ವೇಗ ಮಾತ್ರ ಸದಿಶ: ಅದು ಹೇಗೆ?

ಪ್ರಶ್ನೆ: ಸರ್, ಕೋನೀಯ ಸ್ಥಾನಪಲ್ಲಟ ನಿಜವಾದ ಸದಿಶವಲ್ಲ, ಆದರೆ ಕೋನೀಯ ವೇಗ ಸದಿಶ ಅಂತ ಕ್ಲಾಸಿನಲ್ಲಿ ಹೇಳಿದರು. ω = dθ/dt ತಾನೆ? ಸದಿಶವೇ ಅಲ್ಲದ್ದನ್ನು ಕಾಲದಿಂದ ಭಾಗಿಸಿದರೆ ಸದಿಶ ಎಲ್ಲಿಂದ ಬಂತು? ಬಲಗೈ ನಿಯಮದ ಪ್ರಕಾರ θಗೂ ಒಂದು ದಿಕ್ಕು ಕೊಡಬಹುದಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ದಿಕ್ಕು ಕೊಡಲು ಯಾರ ಅಡ್ಡಿಯೂ ಇಲ್ಲ. ಅಕ್ಷದ ಉದ್ದಕ್ಕೆ ಒಂದು ಬಾಣ ಎಳೆದು, ಕೋನ ಎಷ್ಟೋ ಅಷ್ಟು ಉದ್ದ ಇಟ್ಟರಾಯಿತು. ಆದರೆ ಪರಿಮಾಣವೂ ದಿಕ್ಕೂ ಇದ್ದ ಮಾತ್ರಕ್ಕೆ ಸದಿಶ ಆಗುವುದಿಲ್ಲ. ಎರಡು ಬಾಣಗಳನ್ನು ಸಮಾಂತರ ಚತುರ್ಭುಜದ ನಿಯಮದಂತೆ ಕೂಡಿದಾಗ ಬರುವ ಬಾಣ, ಆ ಎರಡು ಕ್ರಿಯೆಗಳನ್ನು ನಿಜವಾಗಿ ಮಾಡಿದಾಗ ಸಿಗುವ ಫಲಿತಾಂಶವನ್ನೇ ತೋರಿಸಬೇಕು. ಪಠ್ಯಪುಸ್ತಕಗಳ ಮೊದಲ ಪುಟದ ವ್ಯಾಖ್ಯೆಯಲ್ಲಿ ಈ ಷರತ್ತನ್ನು ಬಹಳ ಸಲ ಬಿಟ್ಟಿರುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಒಂದು ದಪ್ಪ ಪುಸ್ತಕ ತೆಗೆದುಕೊಂಡು ಕೂತು ನೋಡಿ. ಮೇಜಿನ ಮೇಲೆ ಮುಖಪುಟ ಮೇಲಕ್ಕೆ ಕಾಣುವಂತೆ, ಓದಲು ಇಟ್ಟ ಹಾಗೆ ಇಡಿ. ಹೊಲಿಗೆಯ ಬೆನ್ನು ಎಡಕ್ಕೆ, ಪುಟದ ತಲೆಭಾಗ ನಿಮ್ಮಿಂದ ಆಚೆಗೆ ಇರುತ್ತದೆ. x ಅಕ್ಷ ನಿಮ್ಮ ಬಲಕ್ಕೆ, y ಅಕ್ಷ ನಿಮ್ಮಿಂದ ಆಚೆಗೆ, z ಮೇಲಕ್ಕೆ. ಈ ಮೂರೂ ಕೋಣೆಗೆ ಅಂಟಿಕೊಂಡ ಅಕ್ಷಗಳು, ಪುಸ್ತಕದ ಜೊತೆ ತಿರುಗುವುದಿಲ್ಲ.

ಮೊದಲು x ಅಕ್ಷದ ಸುತ್ತ 90° ತಿರುಗಿಸಿ. ಬಲಗೈ ಹೆಬ್ಬೆರಳು ಬಲಕ್ಕೆ ಚಾಚಿದರೆ ಉಳಿದ ಬೆರಳು ಮಡಚುವ ದಿಕ್ಕಿಗೆ. ಪುಸ್ತಕ ನೆಟ್ಟಗೆ ಎದ್ದು ನಿಲ್ಲುತ್ತದೆ, ಮುಖಪುಟ ನಿಮ್ಮ ಕಡೆ ನೋಡುತ್ತದೆ. ಈಗ y ಅಕ್ಷದ ಸುತ್ತ 90°, ಅಂದರೆ ನಿಮಗೆ ಕಾಣುವಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ. ಮುಖಪುಟ ನಿಮ್ಮ ಕಡೆಯೇ ಇದೆ, ಆದರೆ ತಲೆಭಾಗ ಬಲಕ್ಕೆ ಹೋಗಿ ಬೆನ್ನು ಮೇಲಕ್ಕೆ ಬಂದಿದೆ. ಶೀರ್ಷಿಕೆ ಓದಬೇಕಾದರೆ ಕತ್ತು ವಾಲಿಸಬೇಕು.

ಪುಸ್ತಕವನ್ನು ಮತ್ತೆ ಮೊದಲಿನಂತೆ ಇಟ್ಟು, ಇವೇ ಎರಡು ತಿರುವುಗಳನ್ನು ಹಿಂದುಮುಂದು ಮಾಡಿ. ಮೊದಲು y ಸುತ್ತ: ಮುಖಪುಟ ಬಲಕ್ಕೆ ನೋಡುತ್ತದೆ, ಬೆನ್ನು ಮೇಲಕ್ಕೆ ಬರುತ್ತದೆ. ಆಮೇಲೆ x ಸುತ್ತ: ಪುಸ್ತಕ ನೆಟ್ಟಗೆ ನಿಂತು, ಬೆನ್ನು ನಿಮ್ಮ ಕಡೆ ತಿರುಗಿ, ಮುಖಪುಟ ಬಲಕ್ಕೇ ಉಳಿಯುತ್ತದೆ. ಲೈಬ್ರರಿ ಕಪಾಟಿನಲ್ಲಿ ಇಡುವ ಭಂಗಿ. ತಿರುವುಗಳು ಅವೇ, ಅಕ್ಷಗಳು ಅವೇ, ಕೋನಗಳೂ ಅವೇ. ಕೊನೆಯ ಭಂಗಿ ಮಾತ್ರ ಬೇರೆ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಎರಡನೇ ತಿರುವಿನಲ್ಲಿ ಕೋಣೆಯ ಅಕ್ಷ ಬಿಟ್ಟು ಪುಸ್ತಕದ ಮೈಮೇಲೆ ಬರೆದ ಅಕ್ಷ ಹಿಡಿಯುವುದು. ಹಾಗೆ ಮಾಡಿದರೆ 'ಮೊದಲು x, ಆಮೇಲೆ y' ಎಂಬುದಕ್ಕೆ ಕೋಣೆಯ ಅಕ್ಷಗಳ 'ಮೊದಲು y, ಆಮೇಲೆ x'ನ ಫಲಿತಾಂಶ ಬಂದುಬಿಡುತ್ತದೆ. ಪಕ್ಕದವರ ಉತ್ತರಕ್ಕೂ ನಿಮ್ಮ ಉತ್ತರಕ್ಕೂ ತಾಳೆ ಆಗದಿದ್ದರೆ ಮೊದಲು ಇದನ್ನು ನೋಡಿಕೊಳ್ಳಿ.

ಈಗ ಬಾಣಗಳ ಲೆಕ್ಕಕ್ಕೆ ಬರೋಣ. x ಉದ್ದಕ್ಕೆ 90, y ಉದ್ದಕ್ಕೆ 90. ಸದಿಶವಾಗಿ ಕೂಡಿದರೆ ಉದ್ದ 90√2, ಅಂದರೆ ಸುಮಾರು 127.3°, ಅಕ್ಷ x ಮತ್ತು y ನಡುವೆ, ಮೇಜಿಗೆ ಸಮಾಂತರವಾಗಿ. ಯಾವುದನ್ನು ಮೊದಲು ಕೂಡಿದರೂ ಉತ್ತರ ಇದೇ. ಆದರೆ ಪುಸ್ತಕ ಹೇಳುವುದೇ ಬೇರೆ. ಒಂದು ಬಿಂದು ಅಲುಗದಂತೆ ದೃಢಕಾಯವನ್ನು ಎಷ್ಟು ಸಲ ಹೇಗೆ ತಿರುಗಿಸಿದರೂ ಒಟ್ಟು ಪರಿಣಾಮ ಯಾವುದೋ ಒಂದು ಅಕ್ಷದ ಸುತ್ತ ಒಂದೇ ತಿರುವಿಗೆ ಸಮ ಎಂದು 18ನೇ ಶತಮಾನದಲ್ಲೇ ಆಯ್ಲರ್ ತೋರಿಸಿದ್ದರು. ಆ ಒಂದು ತಿರುವಿನ ಕೋನ ಎಷ್ಟು ಎಂಬುದಕ್ಕೆ 1840ರಲ್ಲಿ ರೋಡ್ರಿಗಸ್ ಸೂತ್ರ ಕೊಟ್ಟರು. ಅಕ್ಷಗಳು ಒಂದಕ್ಕೊಂದು ಲಂಬವಾಗಿದ್ದರೆ ಅದು ತೀರಾ ಸರಳ:

cos(γ/2) = cos(α/2) · cos(β/2)

α, β ಎರಡೂ 90° ಆದಾಗ ಬಲಬದಿ cos 45° × cos 45° = 1/2. ಹಾಗಾಗಿ γ/2 = 60°, γ = 120°. ಅಂದರೆ 127.3° ಅಲ್ಲ. ಅಕ್ಷವೂ ಮೇಜಿಗೆ ಸಮಾಂತರವಾಗಿಲ್ಲ: x ಮೊದಲಾದರೆ ಅದು (1, 1, −1) ದಿಕ್ಕಿಗೆ, y ಮೊದಲಾದರೆ (1, 1, 1) ದಿಕ್ಕಿಗೆ ಓರೆಯಾಗಿರುತ್ತದೆ. ನನ್ನ ಮಾತು ನಂಬಬೇಕಿಲ್ಲ, ಪುಸ್ತಕ ಕೈಯಲ್ಲೇ ಇದೆ. 'x ಆಮೇಲೆ y' ಎಂಬ ಜೋಡಿಯನ್ನು ಮೂರು ಸಲ ಮಾಡಿ. 120° ಮೂರು ಸಲ ಆದರೆ ಪೂರ್ತಿ ಒಂದು ಸುತ್ತು. ಪುಸ್ತಕ ಮೊದಲಿದ್ದ ಭಂಗಿಗೇ ಬಂದು ಕೂರುತ್ತದೆ. 127.3° ಆಗಿದ್ದರೆ ಸುಮಾರು 22° ಮುಂದೆ ಹೋಗಿರಬೇಕಿತ್ತು.

ಇಷ್ಟು ನಿಮ್ಮ ಪ್ರಶ್ನೆಯ ಮೊದಲರ್ಧ. ಈಗ ಕೋನವನ್ನು ಚಿಕ್ಕದು ಮಾಡುತ್ತಾ ಹೋಗೋಣ. 90°ಯ ಬದಲು 10° ಇಡಿ. ರೋಡ್ರಿಗಸ್ ಸೂತ್ರದಿಂದ γ = 14.13°, ಸದಿಶ ಕೂಡಿಕೆಯಿಂದ 14.14°. ಆಗಲೇ ಎಷ್ಟು ಹತ್ತಿರ ಬಂತು ನೋಡಿ. ಎರಡು ಕ್ರಮಗಳ ಕೊನೆಯ ಭಂಗಿಗಳ ನಡುವಿನ ಅಂತರವನ್ನೇ ಅಳೆದರೆ ಚಿತ್ರ ಇನ್ನೂ ಸ್ಪಷ್ಟ: 90°ಯ ತಿರುವುಗಳಿಗೆ ಆ ಅಂತರ 120°, 10°ಗೆ 1.74°, 1°ಗೆ 0.0175°. ಚಿಕ್ಕ ಕೋನಗಳಲ್ಲಿ ತಿರುವು ಹತ್ತು ಪಟ್ಟು ಕಡಿಮೆಯಾದರೆ ಅಂತರ ನೂರು ಪಟ್ಟು ಕಡಿಮೆಯಾಗುತ್ತದೆ.

ಕಾರಣ ಇದು. a ಎಂಬ ಚಿಕ್ಕ ತಿರುವಿನಿಂದ (ಅಕ್ಷದ ದಿಕ್ಕು, ರೇಡಿಯನ್‌ನಲ್ಲಿ ಕೋನ) r ಎಂಬಲ್ಲಿರುವ ಬಿಂದು a × r ನಷ್ಟು ಸರಿಯುತ್ತದೆ. ಆಮೇಲೆ b ತಿರುವು ಕೊಟ್ಟರೆ, ಅದು ಹೊಸ ಜಾಗದಲ್ಲಿರುವ ಬಿಂದುವಿನ ಮೇಲೆ ನಡೆಯುತ್ತದೆ. ಬಿಂದುವಿನ ಕೊನೆಯ ಜಾಗ ಹೀಗಿರುತ್ತದೆ:

r + a × r + b × r + b × (a × r)

ನಡುವಿನ ಎರಡು ಪದಗಳಿಗೆ ಕ್ರಮದ ಹಂಗಿಲ್ಲ. ಜಗಳವೆಲ್ಲ ಕೊನೆಯ ಪದದ್ದು. ಕ್ರಮ ಅದಲುಬದಲು ಮಾಡಿದರೆ ಅದು a × (b × r) ಆಗುತ್ತದೆ. (ಪ್ರತಿ ತಿರುವಿನಲ್ಲೂ ವರ್ಗ ಮಟ್ಟದ ಇನ್ನೊಂದು ಸಣ್ಣ ಪದ ಬಿಟ್ಟಿದ್ದೇನೆ, ಅದು ಎರಡು ಕ್ರಮದಲ್ಲೂ ಒಂದೇ.) ಈಗ ತಿರುವುಗಳು Δt ಅವಧಿಯಲ್ಲಿ ನಡೆದವು ಎನ್ನಿ. a, b ಎರಡೂ Δtಗೆ ಅನುಪಾತದಲ್ಲಿರುತ್ತವೆ, ಜಗಳದ ಪದ Δt²ಗೆ. Δtಯಿಂದ ಭಾಗಿಸಿದ ಮೇಲೂ ಆ ಪದದಲ್ಲಿ ಒಂದು Δt ಉಳಿಯುತ್ತದೆ. Δt ಸೊನ್ನೆಯತ್ತ ಹೋದಾಗ ಪದವೂ ಸೊನ್ನೆ. ಉಳಿಯುವುದು v = (ω₁ + ω₂) × r ಮಾತ್ರ. ಬಿಂದುವಿನ ವೇಗ v ಸದಿಶ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ವೇಗಗಳು ಯಾವ ಕ್ರಮದಲ್ಲಾದರೂ ಕೂಡುತ್ತವೆ. ω ಸದಿಶವಾಗಿ ಕೂಡುವುದು ಆ ಬಲದಿಂದಲೇ.

ನಿಮ್ಮೂರಿನ ಗುಡ್ಡಗಳ ಮೇಲೆ ಸಾಲಾಗಿ ನಿಂತ ವಿಂಡ್‌ಮಿಲ್‌ಗಳಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ರೆಕ್ಕೆಗಳು ಅಡ್ಡ ಶಾಫ್ಟಿನ ಸುತ್ತ ತಿರುಗುತ್ತವೆ. ಗಾಳಿಯ ದಿಕ್ಕು ಬದಲಾದಾಗ ಕಂಬದ ತುದಿಯ ಇಡೀ ತಲೆ ಕಂಬದ ಸುತ್ತ ನಿಧಾನವಾಗಿ ತಿರುಗುತ್ತದೆ. ಲೆಕ್ಕಕ್ಕೆ ರೆಕ್ಕೆ ನಿಮಿಷಕ್ಕೆ 15 ಸುತ್ತು, ಅಂದರೆ ಸೆಕೆಂಡಿಗೆ 90° ಎಂದಿಟ್ಟುಕೊಳ್ಳಿ. ತಲೆ ಸೆಕೆಂಡಿಗೆ 0.5°. ಆ ಕ್ಷಣದಲ್ಲಿ ರೆಕ್ಕೆಯ ಕೋನೀಯ ವೇಗ ಇವೆರಡರ ಸದಿಶ ಮೊತ್ತ: ಪರಿಮಾಣ 90°ಗಿಂತ ಕೂದಲೆಳೆಯಷ್ಟು ಹೆಚ್ಚು, ದಿಕ್ಕು ಶಾಫ್ಟಿನಿಂದ ಸುಮಾರು 0.3° ಓರೆ. 40 ಮೀಟರ್ ಉದ್ದದ ರೆಕ್ಕೆ ಅಡ್ಡಡ್ಡ ಬಂದಾಗ ಅದರ ತುದಿಗೆ ಶಾಫ್ಟಿನ ಸುತ್ತಿನಿಂದ ಸೆಕೆಂಡಿಗೆ ಸುಮಾರು 63 ಮೀಟರ್ ವೇಗ ಲಂಬವಾಗಿ ಬರುತ್ತದೆ. ತಲೆ ತಿರುಗುವುದರಿಂದ ಸುಮಾರು 0.35 ಮೀಟರ್, ಶಾಫ್ಟಿನ ದಿಕ್ಕಿಗೆ. ಎರಡನ್ನೂ ಕೂಡಿದರೆ ತುದಿಯ ವೇಗ ಸಿಕ್ಕಿತು. ಇಲ್ಲಿ 'ಯಾವುದು ಮೊದಲು' ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ, ಎರಡೂ ಒಟ್ಟಿಗೇ ನಡೆಯುತ್ತಿವೆ.

ಹಾಗಾದರೆ ನೀವು ಬರೆದ ω = dθ/dt? ಅಕ್ಷ ಅಲುಗದೆ ನಿಂತಿದ್ದಾಗ ಅದು ಸರಿ. ಸೀಲಿಂಗ್ ಫ್ಯಾನಿಗೆ ಸರಿ, ಅಲ್ಲಿ ತಿರುವುಗಳೆಲ್ಲ ಒಂದೇ ಅಕ್ಷದ ಸುತ್ತ ಇರುವುದರಿಂದ ಕ್ರಮದ ತೊಂದರೆಯೂ ಇಲ್ಲ. ಅಕ್ಷವೇ ದಿಕ್ಕು ಬದಲಿಸುತ್ತಿದ್ದರೆ, ಯಾವುದೋ θ ಎಂಬ ಸದಿಶ ಮೊದಲೇ ಇದ್ದು ಅದರ ಅವಕಲನದಿಂದ ω ಬಂತು ಎನ್ನುವ ಹಾಗಿಲ್ಲ. ω ಹುಟ್ಟುವುದು ಅತಿ ಚಿಕ್ಕ ತಿರುವನ್ನು ಅದರ ಚಿಕ್ಕ ಅವಧಿಯಿಂದ ಭಾಗಿಸಿದಾಗ. dθ ಎಂದು ಬರೆಯುತ್ತೇವೆ ನಿಜ, ಆದರೆ ಅದು ಯಾವ θದ ಬದಲಾವಣೆಯೂ ಅಲ್ಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ, ಮತ್ತು ಇದನ್ನು ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ನನಗೇನೂ ಸರಿ ಕಾಣುವುದಿಲ್ಲ.

ಪುಸ್ತಕದಿಂದಲೇ ಇದನ್ನು ಪರೀಕ್ಷಿಸಬಹುದು. ಪ್ರತಿ ತಿರುವಿಗೂ ಒಂದು ಸೆಕೆಂಡು ಕೊಡಿ. ಮೊದಲ ಕ್ರಮದಲ್ಲಿ ω ಒಂದು ಸೆಕೆಂಡು x ಉದ್ದಕ್ಕೆ 90°/s, ಮುಂದಿನ ಸೆಕೆಂಡು y ಉದ್ದಕ್ಕೆ ಅಷ್ಟೇ. ಎರಡನೇ ಕ್ರಮದಲ್ಲಿ ಇದರ ತಿರುಗುಮುರುಗು. ωವನ್ನು ಕಾಲದ ಮೇಲೆ ಅನುಕಲಿಸಿ: ಎರಡರಲ್ಲೂ (90°, 90°, 0). ಸದಿಶದ ಅನುಕಲ ಸದಿಶವೇ, ತಪ್ಪೇನಿಲ್ಲ. ಆದರೆ ಆ ಒಂದೇ ಮೊತ್ತಕ್ಕೆ ಎರಡು ಬೇರೆ ಬೇರೆ ಭಂಗಿಗಳು. ಪುಸ್ತಕ ಕೊನೆಗೆ ಹೇಗೆ ನಿಂತಿದೆ ಎಂದು ಆ ಮೊತ್ತ ಹೇಳಲಾರದು. ಸರಳರೇಖೆಯ ವೇಗದಲ್ಲಿ ಹೀಗಾಗುವುದಿಲ್ಲ: ಅಲ್ಲಿ vಯ ಅನುಕಲ ಕೊಟ್ಟರೆ ವಸ್ತು ಎಲ್ಲಿದೆ ಎಂದು ಹೇಳಿಬಿಡಬಹುದು.

ಮೊಬೈಲಿನ ಜೈರೋಸ್ಕೋಪ್ ಸೆನ್ಸರ್ ಕೊಡುವುದೂ ωವನ್ನೇ, ಸೆಕೆಂಡಿಗೆ ನೂರಾರು ಸಲ. ಫೋನು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಲು ಸಾಫ್ಟ್‌ವೇರ್ ಆ ಅಂಕಿಗಳನ್ನು ಸುಮ್ಮನೆ ಕೂಡಿಡುವುದಿಲ್ಲ. ಪ್ರತಿಯೊಂದರಿಂದ ಒಂದು ಚಿಕ್ಕ ತಿರುವು ಮಾಡಿಕೊಂಡು, ಬಂದ ಕ್ರಮದಲ್ಲೇ ಒಂದರ ಮೇಲೊಂದು ಹಚ್ಚುತ್ತಾ ಹೋಗುತ್ತದೆ.

ಇನ್ನೊಂದು ಮಾತು. ಮುಂದೆ ಯಾರಾದರೂ 'ω ಕೂಡ ನಿಜವಾದ ಸದಿಶವಲ್ಲ' ಅಂದರೆ ಗಾಬರಿ ಬೇಡ. ಅವರು ಹೇಳುತ್ತಿರುವುದು ಕನ್ನಡಿಯ ವಿಚಾರ. ಕನ್ನಡಿಗೆ ಎದುರಾಗಿ ಬಾಣ ನೆಟ್ಟರೆ ಪ್ರತಿಬಿಂಬದ ಬಾಣ ತಿರುಗುಮುರುಗು ಆಗುತ್ತದೆ. ಅದೇ ಬಾಣದ ಸುತ್ತ ಸುತ್ತುವ ಬುಗುರಿಯ ω ತಿರುಗುಮುರುಗು ಆಗುವುದಿಲ್ಲ. ಅಂಥವನ್ನು ಅಕ್ಷೀಯ ಸದಿಶ ಎನ್ನುತ್ತಾರೆ. ಕೂಡುವ ನಿಯಮದಲ್ಲಿ ಅವು ಬೇರೆ ಸದಿಶಗಳಂತೆಯೇ ನಡೆದುಕೊಳ್ಳುತ್ತವೆ, ಹಾಗಾಗಿ ನಿಮ್ಮ ಪ್ರಶ್ನೆಗೂ ಆ ಆಕ್ಷೇಪಕ್ಕೂ ಸಂಬಂಧವಿಲ್ಲ.